ರಿಸೀವರ್ ದಾಟಿ ಬರುವ ಚಿತ್ರ: ಗೇಮ್ ಕನ್ಸೋಲ್‌ನ 4ಕೆ ಮತ್ತು ವಿಆರ್‌ಆರ್ ಉಳಿಸಿಕೊಳ್ಳುವ ಬಗೆ

ಹೋಮ್ ಥಿಯೇಟರಿನ ಸ್ಪೀಕರ್‌ಗಳನ್ನು ನಡೆಸುವ ಆಂಪ್ಲಿಫೈಯರೇ ಎವಿ ರಿಸೀವರ್. ಮನೆಯ ಎಚ್‌ಡಿಎಂಐ ಕೇಬಲ್‌ಗಳೆಲ್ಲ ಬಂದು ಸೇರುವ ಜಂಕ್ಷನ್ ಕೂಡ ಅದೇ. ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಿಂದ ಹೊರಟ ಕೇಬಲ್ ಅದರ ಬೆನ್ನಿಗೆ ಬಂದು ಸೇರುತ್ತದೆ. ರಿಸೀವರ್ ಧ್ವನಿಯನ್ನು ತಾನಿಟ್ಟುಕೊಂಡು, ಚಿತ್ರವನ್ನು ಇನ್ನೊಂದು ಕೇಬಲ್ ಮೂಲಕ ಟಿ.ವಿ.ಗೆ ದಾಟಿಸುತ್ತದೆ. ಧ್ವನಿಯ ಮಟ್ಟಿಗೆ ಇದು ಒಳ್ಳೆಯ ವ್ಯವಸ್ಥೆ. ತೊಂದರೆ ಇರುವುದು ಚಿತ್ರದಲ್ಲಿ. ಕನ್ಸೋಲನ್ನು ನೇರವಾಗಿ ಟಿ.ವಿ.ಗೆ ಜೋಡಿಸಿದಾಗ 4ಕೆ ರೆಸಲ್ಯೂಷನ್‌ನಲ್ಲಿ ಸೆಕೆಂಡಿಗೆ 120 ಚಿತ್ರಗಳು ಸಲೀಸಾಗಿ ಬರುತ್ತಿರುತ್ತವೆ. ನಡುವೆ ರಿಸೀವರ್ ಬಂದ ಮೇಲೆ ಅದು 60ಕ್ಕೆ ಇಳಿಯಬಹುದು, ವಿಆರ್‌ಆರ್ ಎಂಬ ಆಯ್ಕೆಯೇ ಮೆನುವಿನಲ್ಲಿ ಮಂಕಾಗಬಹುದು, ಇಲ್ಲವೇ ಪರದೆ ಪೂರ್ತಿ ಕಪ್ಪಾಗಬಹುದು.

ವಿಆರ್‌ಆರ್ ಎಂದರೆ ವೇರಿಯಬಲ್ ರಿಫ್ರೆಶ್ ರೇಟ್. ಸಿನಿಮಾದ ಚಿತ್ರಗಳು ಮೊದಲೇ ಸಿದ್ಧವಾಗಿರುತ್ತವೆ, ಆದ್ದರಿಂದ ಸಮಾನ ಅಂತರದಲ್ಲಿ ಬರುತ್ತವೆ. ಗೇಮಿನ ಪ್ರತಿಯೊಂದು ಚಿತ್ರವನ್ನು ಕನ್ಸೋಲ್ ಆ ಕ್ಷಣದಲ್ಲೇ ಬರೆಯಬೇಕು. ಖಾಲಿ ಓಣಿಯಲ್ಲಿ ಓಡುವ ದೃಶ್ಯ ಬೇಗ ಸಿದ್ಧವಾಗುತ್ತದೆ. ಸ್ಫೋಟ, ಹೊಗೆ, ಹತ್ತಾರು ಶತ್ರುಗಳಿರುವ ದೃಶ್ಯಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಸಾಮಾನ್ಯ ಟಿ.ವಿ. ಇದಕ್ಕೆ ಕಾಯುವುದಿಲ್ಲ, ತನ್ನ ನಿಗದಿತ ಲಯದಲ್ಲೇ ಪರದೆಯನ್ನು ಹೊಸದು ಮಾಡುತ್ತಿರುತ್ತದೆ. ಆಗ ಹಳೆಯ ಚಿತ್ರದ ಮೇಲರ್ಧ ಮತ್ತು ಹೊಸ ಚಿತ್ರದ ಕೆಳಭಾಗ ಒಟ್ಟಿಗೆ ಕಂಡು ಪರದೆ ಅಡ್ಡಲಾಗಿ ಹರಿದಂತೆ ಕಾಣುತ್ತದೆ, ಅಥವಾ ಒಂದೇ ಚಿತ್ರ ಎರಡು ಸಲ ಬಂದು ಚಲನೆ ತಡವರಿಸುತ್ತದೆ. ವಿಆರ್‌ಆರ್ ಇದ್ದರೆ ಟಿ.ವಿ. ತನ್ನ ಲಯವನ್ನು ಬಿಟ್ಟುಕೊಟ್ಟು, ಚಿತ್ರ ಸಿದ್ಧವಾದಾಗ ಮಾತ್ರ ಪರದೆಯನ್ನು ಬದಲಿಸುತ್ತದೆ. ಪ್ಲೇಸ್ಟೇಷನ್ 5ರಲ್ಲಿ ಈ ಸೌಲಭ್ಯ ಬಂದದ್ದು 2022ರ ಏಪ್ರಿಲ್‌ನಲ್ಲಿ. ಅದು ಸೆಕೆಂಡಿಗೆ 48ರಿಂದ 120 ಚಿತ್ರಗಳ ವ್ಯಾಪ್ತಿಯಲ್ಲಿ ಕೆಲಸ ಮಾಡುತ್ತದೆ. ಗೇಮಿನ ವೇಗ 48ಕ್ಕಿಂತ ಕೆಳಗಿಳಿದಾಗ ಕಾಣುವ ತಡವರಿಕೆಗೆ ರಿಸೀವರನ್ನು ದೂರಿ ಪ್ರಯೋಜನವಿಲ್ಲ.

ರಿಸೀವರ್ ಮುಂದಿರುವ ಮೊದಲ ಪರೀಕ್ಷೆ ದಾರಿಯ ಅಗಲದ್ದು. ಎಚ್‌ಡಿಎಂಐ 2.0 ಕಾಲದ ಉಪಕರಣಗಳು ಸೆಕೆಂಡಿಗೆ ಹೆಚ್ಚೆಂದರೆ 18 ಗಿಗಾಬಿಟ್ ದಾಟಿಸುತ್ತಿದ್ದವು. 4ಕೆ ಚಿತ್ರ ಸೆಕೆಂಡಿಗೆ 60ರಂತೆ ಬರಲು ಅಷ್ಟು ಸಾಕು. ಎಚ್‌ಡಿಆರ್ ಸೇರಿದರೂ ಬಣ್ಣದ ವಿವರವನ್ನು ತುಸು ಕುಗ್ಗಿಸಿ ಅದರಲ್ಲೇ ಹೊಂದಿಸಬಹುದು. 120 ಆದಾಗ ಅದು ಸಾಲದು. 2017ರ ಕೊನೆಯಲ್ಲಿ ಪ್ರಕಟವಾದ ಎಚ್‌ಡಿಎಂಐ 2.1, ದತ್ತಾಂಶ ಕಳಿಸುವ ವಿಧಾನವನ್ನೇ ಬದಲಿಸಿ ಗರಿಷ್ಠ ಮಿತಿಯನ್ನು 48 ಗಿಗಾಬಿಟ್‌ಗೆ ಏರಿಸಿತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಇದರಲ್ಲಿ 40ರವರೆಗೆ ಬಳಸುತ್ತದೆ, ಪ್ಲೇಸ್ಟೇಷನ್ 5 ಬಳಸುವುದು 32ರವರೆಗೆ. ಹೀಗಾಗಿ ಪ್ಲೇಸ್ಟೇಷನ್ 5ರಲ್ಲಿ 4ಕೆ, 120 ಮತ್ತು ಎಚ್‌ಡಿಆರ್ ಮೂರೂ ಸೇರಿದಾಗ ಬಣ್ಣದ ಮಾಹಿತಿ 4:2:2 ಎಂಬ ತುಸು ಅಡಕವಾದ ರೂಪದಲ್ಲಿ ಹೋಗುತ್ತದೆ. ಟಿ.ವಿ.ಯ ಮಾಹಿತಿ ಪಟ್ಟಿಯಲ್ಲಿ ಈ ಅಂಕಿಗಳನ್ನು ಕಂಡು ರಿಸೀವರ್ ಬಣ್ಣ ಕದ್ದಿತೆಂದು ಗಾಬರಿಪಡುವವರಿದ್ದಾರೆ. ನೇರವಾಗಿ ಜೋಡಿಸಿದರೂ ಅಲ್ಲಿ ಕಾಣುವುದು ಅದೇ. ಸೋಫಾದಲ್ಲಿ ಕುಳಿತು ಆಡುವವರ ಕಣ್ಣಿಗೆ ಆ ವ್ಯತ್ಯಾಸ ಸಿಕ್ಕುವುದೂ ಇಲ್ಲ.

ದಾರಿ ಅಗಲವಾಗಿದ್ದರೆ ಸಾಕೇ ಎಂದರೆ ಸಾಲದು. ವಿಆರ್‌ಆರ್ ಉಳಿಯುವುದೋ ಹೋಗುವುದೋ ಎಂಬುದು ಹೆಚ್ಚಾಗಿ ತೀರ್ಮಾನವಾಗುವುದು ಚಿತ್ರ ಹರಿಯುವ ಮೊದಲೇ, ಉಪಕರಣಗಳು ಪರಸ್ಪರ ಪರಿಚಯ ಮಾಡಿಕೊಳ್ಳುವ ಹಂತದಲ್ಲಿ. ಪ್ರತಿ ಟಿ.ವಿ.ಯೂ ತನ್ನ ಸಾಮರ್ಥ್ಯಗಳ ಒಂದು ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಅದಕ್ಕೆ ಇಡಿಐಡಿ ಎನ್ನುತ್ತಾರೆ. ಯಾವ ರೆಸಲ್ಯೂಷನ್, ಎಷ್ಟು ವೇಗ, ಯಾವ ಎಚ್‌ಡಿಆರ್, ವಿಆರ್‌ಆರ್ ಇದೆಯೇ, ಇದ್ದರೆ ಎಲ್ಲಿಂದ ಎಲ್ಲಿಯವರೆಗೆ ಎಂಬುದೆಲ್ಲ ಅದರಲ್ಲಿರುತ್ತದೆ. ಕೇಬಲ್ ಜೋಡಿಸಿದ ಕೂಡಲೇ ಕನ್ಸೋಲ್ ಆ ಪಟ್ಟಿಯನ್ನು ಓದಿ, ಅದರಲ್ಲಿರುವುದನ್ನು ಮಾತ್ರ ಕಳಿಸುತ್ತದೆ. ನಡುವೆ ರಿಸೀವರ್ ಇದ್ದರೆ ಕನ್ಸೋಲ್‌ಗೆ ಟಿ.ವಿ.ಯ ಮುಖವೇ ಕಾಣದು. ರಿಸೀವರ್ ಟಿ.ವಿ.ಯ ಪಟ್ಟಿಯನ್ನು ಓದಿ, ತನ್ನಿಂದಾಗದ್ದನ್ನು ಹೊಡೆದುಹಾಕಿ, ತನ್ನ ಆಡಿಯೋ ಸಾಮರ್ಥ್ಯವನ್ನು ಸೇರಿಸಿ, ಹೊಸದೊಂದು ಪಟ್ಟಿಯನ್ನು ಕನ್ಸೋಲ್ ಮುಂದಿಡುತ್ತದೆ. ಸಂಬಂಧ ಕುದುರಿಸುವ ಮಧ್ಯಸ್ಥ ಗಂಡಿನ ಬಗ್ಗೆ ಹೇಳಿದ್ದಷ್ಟೇ ಹೆಣ್ಣಿನ ಮನೆಯವರಿಗೆ ಗೊತ್ತಾಗುವ ಹಾಗೆ, ರಿಸೀವರ್ ಬಿಟ್ಟುಬಿಟ್ಟ ಗುಣ ಟಿ.ವಿ.ಯಲ್ಲಿ ಎಷ್ಟೇ ಚೆನ್ನಾಗಿದ್ದರೂ ಕನ್ಸೋಲ್‌ಗೆ ತಿಳಿಯುವುದಿಲ್ಲ.

ವಿಆರ್‌ಆರ್‌ಗೆ ದೊಡ್ಡ ಬ್ಯಾಂಡ್‌ವಿಡ್ತ್ ಬೇಕೇಬೇಕು ಎಂಬುದೂ ಪೂರ್ತಿ ನಿಜವಲ್ಲ. ಎಕ್ಸ್‌ಬಾಕ್ಸ್ ಒನ್ ಎಸ್ ಮತ್ತು ಒನ್ ಎಕ್ಸ್‌ಗಳಿಗೆ 2018ರಲ್ಲೇ, ಹಳೆಯ 18 ಗಿಗಾಬಿಟ್ ದಾರಿಯ ಮೇಲೆ, ಎಎಂಡಿಯ ಫ್ರೀಸಿಂಕ್ ರೂಪದಲ್ಲಿ ಈ ಸೌಲಭ್ಯ ಬಂದಿತ್ತು. ಅಂದರೆ ದಾರಿಯ ಅಗಲ ಒಂದು ಗುಣ, ವಿಆರ್‌ಆರ್ ಸಂಕೇತವನ್ನು ಅರ್ಥಮಾಡಿಕೊಂಡು ಹಾಗೆಯೇ ದಾಟಿಸುವುದು ಇನ್ನೊಂದು. ರಿಸೀವರ್‌ನಲ್ಲಿ ಎರಡೂ ಇರಬೇಕು. ಪೆಟ್ಟಿಗೆಯ ಮೇಲಿನ ‘ಎಚ್‌ಡಿಎಂಐ 2.1’ ಎಂಬ ಬರಹ ಇದಕ್ಕೆ ಖಾತ್ರಿಯಲ್ಲ. ಆ ನಿಯಮಾವಳಿಯಲ್ಲಿ 48 ಗಿಗಾಬಿಟ್ ವೇಗವಾಗಲಿ ವಿಆರ್‌ಆರ್ ಆಗಲಿ ಕಡ್ಡಾಯವಲ್ಲ, ಎಲ್ಲವೂ ತಯಾರಕರ ಇಚ್ಛೆಗೆ ಬಿಟ್ಟದ್ದು. ಪರವಾನಗಿ ನೀಡುವ ಸಂಸ್ಥೆಯೇ 2021ರ ಕೊನೆಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆದ್ದರಿಂದ ಓದಬೇಕಾದದ್ದು ಆವೃತ್ತಿಯ ಸಂಖ್ಯೆಯನ್ನಲ್ಲ. ತಾಂತ್ರಿಕ ವಿವರಗಳ ಪಟ್ಟಿಯಲ್ಲಿ ‘4ಕೆ/120 ಪಾಸ್‌ಥ್ರೂ’, ‘ವಿಆರ್‌ಆರ್’, ‘40 ಗಿಗಾಬಿಟ್’ ಎಂದು ಬಿಡಿಬಿಡಿಯಾಗಿ ಬರೆದಿದೆಯೇ ಎಂದು ನೋಡಬೇಕು. 24 ಗಿಗಾಬಿಟ್‌ಗೆ ನಿಲ್ಲುವ ರಿಸೀವರ್‌ಗಳೂ ಇವೆ. ಅವುಗಳಲ್ಲಿ 4ಕೆ 120 ದಾಟುತ್ತದೆ, ಆದರೆ ಬಣ್ಣವನ್ನು 4:2:0ರವರೆಗೆ ಹಿಂಡಿದ ಮೇಲೆ.

ಒಂದೇ ರಿಸೀವರ್‌ನ ಎಲ್ಲ ಪೋರ್ಟ್‌ಗಳೂ ಸಮಾನವಲ್ಲ ಎಂಬುದು ಇನ್ನೊಂದು ತೊಡಕು. 2020ರ ಡೆನಾನ್ ಎವಿಆರ್-ಎಕ್ಸ್3700ಎಚ್‌ನಲ್ಲಿ ಏಳು ಎಚ್‌ಡಿಎಂಐ ಇನ್‌ಪುಟ್‌ಗಳಿದ್ದರೂ ಹೊಸ ವೇಗಕ್ಕೆ ಒಗ್ಗುವುದು ಒಂದೇ ಒಂದು. 2022ರ ಎಕ್ಸ್3800ಎಚ್‌ನಲ್ಲಿ ಆರಕ್ಕೆ ಆರೂ ಒಗ್ಗುತ್ತವೆ. ಅಂಥ ಪೋರ್ಟ್‌ನ ಬಳಿ ಸಾಮಾನ್ಯವಾಗಿ 8K ಎಂದು ಮುದ್ರಿಸಿರುತ್ತಾರೆ. ಮನೆಯ ಟಿ.ವಿ. 8ಕೆ ಅಲ್ಲವಲ್ಲ ಎಂದುಕೊಂಡು ಆ ಪೋರ್ಟನ್ನು ಬಿಟ್ಟು ಬೇರೆಯದಕ್ಕೆ ಕೇಬಲ್ ಸಿಕ್ಕಿಸಿದರೆ 120 ಅಲ್ಲಿಗೇ ಮುಗಿಯಿತು.

ಆ 2020ರ ತಲೆಮಾರಿನ ಕಥೆ ತಿಳಿದಿರಬೇಕಾದದ್ದು, ಏಕೆಂದರೆ ಆ ರಿಸೀವರ್‌ಗಳು ಈಗ ಸೆಕೆಂಡ್‌ಹ್ಯಾಂಡ್ ಆಗಿ ಕೈಬದಲಾಗುತ್ತಿವೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮಾರುಕಟ್ಟೆಗೆ ಬರುವ ಕೆಲವೇ ವಾರ ಮುಂಚೆ, ಅಕ್ಟೋಬರ್‌ನಲ್ಲಿ, ಜರ್ಮನಿಯ ‘ಸಿಟಿ’ ಎಂಬ ಕಂಪ್ಯೂಟರ್ ಪತ್ರಿಕೆ ಒಂದು ದೋಷವನ್ನು ಬಯಲಿಗೆಳೆಯಿತು. ಡೆನಾನ್, ಮರಾಂಟ್ಜ್ ಮತ್ತು ಯಮಾಹಾದ ಹೊಸ ರಿಸೀವರ್‌ಗಳಲ್ಲಿ ಬಳಸಿದ್ದ ಎಚ್‌ಡಿಎಂಐ ಚಿಪ್, ಆ ಕನ್ಸೋಲ್ ಕಳಿಸುವ 4ಕೆ 120 ಎಚ್‌ಡಿಆರ್ ಸಂಕೇತವನ್ನು ದಾಟಿಸಲಾಗದೆ ಕಪ್ಪು ಪರದೆ ತೋರಿಸುತ್ತಿತ್ತು. ಎನ್ವಿಡಿಯಾದ 30ನೇ ಸರಣಿಯ ಗ್ರಾಫಿಕ್ಸ್ ಕಾರ್ಡ್‌ಗಳಿಗೂ ಅದೇ ಗತಿ. ಪ್ಲೇಸ್ಟೇಷನ್ 5ರ 32 ಗಿಗಾಬಿಟ್ ಸಂಕೇತ ಮಾತ್ರ ಈ ದೋಷಕ್ಕೆ ಸಿಕ್ಕಿಬೀಳಲಿಲ್ಲ. ತೊಂದರೆ ಇದ್ದದ್ದು ಚಿಪ್‌ನಲ್ಲಿ, ಆದ್ದರಿಂದ ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಸರಿಯಾಗುವಂತಿರಲಿಲ್ಲ. ಡೆನಾನ್ ಮತ್ತು ಮರಾಂಟ್ಜ್‌ಗಳ ಮಾತೃಸಂಸ್ಥೆ 2021ರಲ್ಲಿ ಕನ್ಸೋಲ್ ಮತ್ತು ರಿಸೀವರ್ ನಡುವೆ ಇಡುವ ಎಸ್‌ಪಿಕೆ618 ಎಂಬ ಪುಟ್ಟ ಪೆಟ್ಟಿಗೆಯನ್ನು ಗ್ರಾಹಕರಿಗೆ ಉಚಿತವಾಗಿ ಕೊಟ್ಟಿತು. ಯಮಾಹಾ ಒಳಗಿನ ಬೋರ್ಡನ್ನೇ ಬದಲಿಸಿಕೊಡುವ ದಾರಿ ಹಿಡಿಯಿತು. ಈ ಮಾದರಿಗಳಲ್ಲೊಂದನ್ನು ಎಕ್ಸ್‌ಬಾಕ್ಸ್‌ಗಾಗಿ ಕೊಳ್ಳುವವರು ಆ ಪೆಟ್ಟಿಗೆ ಜೊತೆಗಿದೆಯೇ, ಬೋರ್ಡ್ ಬದಲಾಗಿದೆಯೇ ಎಂದು ಕೇಳಿಯೇ ದುಡ್ಡು ಕೊಡಬೇಕು.

ಇನ್ನು ಜೋಡಣೆಯ ಕೆಲಸ. ಒಂದು ನಿರ್ದಿಷ್ಟ ಸರಪಳಿಯನ್ನೇ ತೆಗೆದುಕೊಳ್ಳಬಹುದು: ಪ್ಲೇಸ್ಟೇಷನ್ 5, ಡೆನಾನ್ ಎಕ್ಸ್3800ಎಚ್ ರಿಸೀವರ್, ಸೋನಿ ಬ್ರಾವಿಯಾ ಎಕ್ಸ್90ಎಲ್ ಟಿ.ವಿ. ಈ ಟಿ.ವಿ.ಯ ನಾಲ್ಕು ಪೋರ್ಟ್‌ಗಳಲ್ಲಿ 3 ಮತ್ತು 4 ಮಾತ್ರ 4ಕೆ 120 ಹಾಗೂ ವಿಆರ್‌ಆರ್‌ಗೆ ಒಗ್ಗುವಂಥವು. ಅವುಗಳಲ್ಲಿ 3ನೆಯದೇ ಇಎಆರ್‌ಸಿ ಪೋರ್ಟ್, ಅಂದರೆ ಟಿ.ವಿ.ಯ ಧ್ವನಿಯನ್ನು ರಿಸೀವರ್‌ಗೆ ಹಿಂದಕ್ಕೆ ಕಳಿಸುವಂಥದ್ದು. ರಿಸೀವರ್‌ನಿಂದ ಬರುವ ಕೇಬಲ್ ಸಹಜವಾಗಿ ಅಲ್ಲಿಗೇ ಸೇರಬೇಕು.

ಅನುಭವಿಗಳು ರಿಸೀವರನ್ನು ಮುಟ್ಟುವ ಮೊದಲು ಒಂದು ಕೆಲಸ ಮಾಡುತ್ತಾರೆ: ಕನ್ಸೋಲನ್ನು ನೇರವಾಗಿ ಟಿ.ವಿ.ಗೆ ಜೋಡಿಸಿ, ಏನೇನು ಸಿಗುತ್ತಿದೆ ಎಂದು ಬರೆದಿಟ್ಟುಕೊಳ್ಳುತ್ತಾರೆ. ಈ ಪರೀಕ್ಷೆಯನ್ನು ರಿಸೀವರ್ ಮುಂದೆ ಬಳಸಲಿರುವ ಪೋರ್ಟ್‌ನಲ್ಲೇ, ಇಲ್ಲಿ 3ನೆಯದರಲ್ಲೇ, ಮಾಡಬೇಕು. ಕಾರಣವಿದೆ. ಸೋನಿ ಟಿ.ವಿ.ಗಳಲ್ಲಿ External inputs ಪುಟದೊಳಗಿನ HDMI signal format ಎಂಬ ಆಯ್ಕೆ ಪ್ರತಿ ಪೋರ್ಟ್‌ಗೂ ಬೇರೆಬೇರೆ. ಹಿಂದೆ 4ನೇ ಪೋರ್ಟ್‌ನಲ್ಲಿ ಕನ್ಸೋಲ್ ಇಟ್ಟುಕೊಂಡು ಅಲ್ಲಿ Enhanced format (VRR) ಹಾಕಿಕೊಂಡವರು, ರಿಸೀವರ್ ತಂದು 3ನೆಯದಕ್ಕೆ ಸಿಕ್ಕಿಸಿದಾಗ ಅಲ್ಲಿ Standard format ಹಾಗೆಯೇ ಉಳಿದಿರುತ್ತದೆ. ಚಿತ್ರ ಬರುತ್ತದೆ, ವಿಆರ್‌ಆರ್ ಬರುವುದಿಲ್ಲ, ಬೈಗುಳ ತಿನ್ನುವುದು ಹೊಸ ರಿಸೀವರ್. ಬೇರೆ ಕಂಪನಿಗಳ ಟಿ.ವಿ.ಗಳಲ್ಲೂ ಇಂಥದೊಂದು ಸ್ವಿಚ್ ಇದ್ದೇ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು Input Signal Plus, ಎಲ್‌ಜಿಯಲ್ಲಿ HDMI Deep Colour.

ನೇರ ಜೋಡಣೆಯಲ್ಲಿ ಎಲ್ಲ ಸರಿ ಇದೆ ಎಂದಾದ ಮೇಲೆ ಕನ್ಸೋಲ್‌ನ ಕೇಬಲ್ ರಿಸೀವರ್‌ನ 8ಕೆ ಇನ್‌ಪುಟ್‌ಗೆ, ರಿಸೀವರ್‌ನ ಮುಖ್ಯ ಮಾನಿಟರ್ ಔಟ್‌ಪುಟ್‌ನಿಂದ ಇನ್ನೊಂದು ಕೇಬಲ್ ಟಿ.ವಿ.ಯ 3ನೇ ಪೋರ್ಟ್‌ಗೆ. ಪಕ್ಕದ ಕೋಣೆಯ ಟಿ.ವಿ.ಗೆಂದು ಇರುವ ಝೋನ್ 2 ಔಟ್‌ಪುಟ್‌ಗೆ ಸಿಕ್ಕಿಸಬಾರದು. ನಂತರ ರಿಸೀವರ್‌ನ ವಿಡಿಯೋ ಮೆನುವಿನಲ್ಲಿ 4K/8K Signal Format ಎಂಬುದನ್ನು ಹುಡುಕಿ 8K Enhanced ಮಾಡಬೇಕು. ಸೋನಿ, ಒನ್ಕಿಯೋ, ಯಮಾಹಾ ರಿಸೀವರ್‌ಗಳಲ್ಲೂ ಬೇರೆ ಹೆಸರಿನಲ್ಲಿ ಇದೇ ಆಯ್ಕೆ ಇರುತ್ತದೆ. ಕೆಳಗಿನ ಮಟ್ಟದಲ್ಲಿಟ್ಟರೆ ರಿಸೀವರ್ ತನ್ನ ಪಟ್ಟಿಯಿಂದ 120ನ್ನು ತಾನೇ ತೆಗೆದುಹಾಕುತ್ತದೆ. ಹಳೆಯ ಉಪಕರಣಗಳು ಗೊಂದಲಕ್ಕೆ ಬೀಳದಿರಲೆಂದು ಮಾಡಿರುವ ಏರ್ಪಾಡು ಅದು. ಅದೇ ಮೆನುವಿನಲ್ಲಿ ಚಿತ್ರವನ್ನು ತಿದ್ದುವ, ಹಿಗ್ಗಿಸುವ ಸ್ಕೇಲರ್ ಇದ್ದರೆ ಅದನ್ನು ಆರಿಸಬೇಕು ಅಥವಾ Bypass ಎಂದು ಕೊಡಬೇಕು. ಗೇಮಿನ ಚಿತ್ರವನ್ನು ತಿದ್ದುವುದು ರಿಸೀವರ್‌ನ ಕೆಲಸವಲ್ಲ. ಬಂದದ್ದನ್ನು ಬಂದ ಹಾಗೆ ದಾಟಿಸಿದರೆ ಸಾಕು.

ಇಷ್ಟಾದ ಮೇಲೆ ಮೊದಲು ಟಿ.ವಿ., ಆಮೇಲೆ ರಿಸೀವರ್, ಕೊನೆಗೆ ಕನ್ಸೋಲ್ ಹೀಗೆ ಹಚ್ಚಿದರೆ ಪರಿಚಯದ ಪಟ್ಟಿಗಳು ಹೊಸದಾಗಿ ಓದಲ್ಪಡುತ್ತವೆ. ಕನ್ಸೋಲ್‌ನಲ್ಲಿ Settings, Screen and Video, Video Output ದಾರಿಯಲ್ಲಿ ಹೋಗಿ VRR ಮತ್ತು 120 ಹರ್ಟ್ಸ್ ಔಟ್‌ಪುಟ್ ಎರಡನ್ನೂ Automatic ಮಾಡಬೇಕು. ಅಲ್ಲೇ Video Output Information ಎಂಬ ಪುಟವೂ ಇದೆ. ಇಡೀ ಕೆಲಸದಲ್ಲಿ ಅತ್ಯಂತ ಉಪಯುಕ್ತವಾದ ಪುಟ ಇದೇ, ಏಕೆಂದರೆ ರಿಸೀವರ್ ಕನ್ಸೋಲ್‌ಗೆ ಏನು ಹೇಳಿದೆ ಎಂಬುದು ಇಲ್ಲಿ ಬರಹದಲ್ಲಿ ಸಿಗುತ್ತದೆ. ನೇರ ಜೋಡಣೆಯಲ್ಲಿ ಬರೆದಿಟ್ಟುಕೊಂಡದ್ದಕ್ಕೂ ಇದಕ್ಕೂ ವ್ಯತ್ಯಾಸ ಇದ್ದರೆ ದೋಷ ಪರಿಚಯದ ಹಂತದಲ್ಲಿದೆ ಎಂದರ್ಥ: ಪೋರ್ಟ್, ರಿಸೀವರ್‌ನ ಸೆಟ್ಟಿಂಗ್ ಅಥವಾ ಅದರ ಹಳೆಯ ಫರ್ಮ್‌ವೇರ್. ಕೇಬಲ್ ಬದಲಿಸುತ್ತ ಕೂರುವುದಕ್ಕಿಂತ ಮೊದಲು ಈ ಮೂರನ್ನು ನೋಡುವುದು ಲೇಸು.

ಮೆನುವಿನಲ್ಲಿ ‘ಇದೆ’ ಎಂದು ಬಂದ ಮಾತ್ರಕ್ಕೆ ಅದು ನಡೆಯುತ್ತಿದೆ ಎಂದಲ್ಲ. ಕನ್ಸೋಲ್‌ನ ಮುಖಪುಟ 60ರಲ್ಲೇ ಓಡುತ್ತದೆ, ಆದ್ದರಿಂದ ಅಲ್ಲಿ ನಿಂತು ಟಿ.ವಿ.ಯ ಮಾಹಿತಿ ತೆರೆದರೆ 120 ಕಾಣುವುದಿಲ್ಲ. ಗೇಮ್ ಓಡುತ್ತಿರುವಾಗಲೇ ನೋಡಬೇಕು. ಪ್ರತಿ ಪ್ಲೇಸ್ಟೇಷನ್ 5ರಲ್ಲೂ ಮೊದಲೇ ತುಂಬಿರುವ ‘ಆಸ್ಟ್ರೋಸ್ ಪ್ಲೇರೂಮ್’ ವಿಆರ್‌ಆರ್‌ಗೆ ಒಗ್ಗುವ ಗೇಮ್, ಪರೀಕ್ಷೆಗೆಂದು ಬೇರೆ ಕೊಳ್ಳಬೇಕಿಲ್ಲ. 120ರ ಪರೀಕ್ಷೆಗೆ ‘ರ‍್ಯಾಚೆಟ್ ಅಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್’ನಂಥದು ಬೇಕು, ಗೇಮಿನೊಳಗೂ 120ರ ಆಯ್ಕೆಯನ್ನು ಹಚ್ಚಿರಬೇಕು. ಈ ಟಿ.ವಿ.ಯಲ್ಲಿ ಗೇಮ್ ಮೆನು ತೆರೆದರೆ ವಿಆರ್‌ಆರ್ ನಡೆಯುತ್ತಿದೆಯೇ ಎಂಬುದು ಕಾಣುತ್ತದೆ. ಎಲ್‌ಜಿಯ ಒಎಲ್‌ಇಡಿ ಟಿ.ವಿ.ಗಳಲ್ಲಿ ರಿಮೋಟ್‌ನ ಹಸಿರು ಗುಂಡಿಯನ್ನು ಬೇಗಬೇಗ ಹಲವು ಸಲ ಒತ್ತಿದರೆ ಮೂಲೆಯಲ್ಲಿ ಒಂದು ಪುಟ್ಟ ಪಟ್ಟಿ ಮೂಡುತ್ತದೆ. ಅದರಲ್ಲಿ ವೇಗದ ಅಂಕಿ ಒಂದೇ ಸಮನೆ ಏರಿಳಿಯುತ್ತಿದ್ದರೆ ವಿಆರ್‌ಆರ್ ರಿಸೀವರನ್ನು ದಾಟಿ ಬಂದಿದೆ.

ಪಟ್ಟಿಗಳೆಲ್ಲ ಸರಿಯಿದ್ದು ಚಿತ್ರ ಮಾತ್ರ ಕೆಟ್ಟರೆ ಆಗ ಕೇಬಲ್ ಮೇಲೆ ಗುಮಾನಿಪಡಬೇಕು. ಪರದೆಯ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆಗಳು ಮಿನುಗುವುದು, ಒಂದೆರಡು ಸೆಕೆಂಡು ಕಪ್ಪಾಗಿ ಮತ್ತೆ ಬರುವುದು ಅದರ ಲಕ್ಷಣ. ಇನ್ನೂ ಒಂದು ಲಕ್ಷಣ ಕಣ್ಣಿಗೆ ಕಾಣದಂಥದ್ದು. ಎಚ್‌ಡಿಎಂಐ 2.1ರಲ್ಲಿ ಎರಡು ಉಪಕರಣಗಳು ಮೊದಲು ತಮ್ಮ ನಡುವಿನ ತಂತಿಯನ್ನು ಪರೀಕ್ಷಿಸಿ, ಅದು ತಾಳದಿದ್ದರೆ ಸದ್ದಿಲ್ಲದೆ ಒಂದು ಮೆಟ್ಟಿಲು ಕೆಳಗಿನ ವೇಗಕ್ಕೆ ಇಳಿಯುತ್ತವೆ. ಚಿತ್ರ ಚೆನ್ನಾಗಿಯೇ ಕಾಣುತ್ತಿರುತ್ತದೆ, ಕಳೆದದ್ದು ಗೊತ್ತಾಗುವುದಿಲ್ಲ. ಕನ್ಸೋಲ್ ಜೊತೆ ಬರುವ ಕೇಬಲ್ ಒಳ್ಳೆಯದೇ. ಆದರೆ ಈ ಸರಪಳಿಗೆ ಎರಡು ಕೇಬಲ್ ಬೇಕು. ರಿಸೀವರ್‌ನಿಂದ ಟಿ.ವಿ.ಗೆ ಹೋಗುವ ಎರಡನೆಯದು ಬಹುಪಾಲು ಮನೆಗಳಲ್ಲಿ ಹಳೆಯದು, ಉದ್ದದ್ದು, ಗೋಡೆಯೊಳಗಿನ ಪೈಪಿನಲ್ಲಿ ಹೂತದ್ದು. ಅದರ ಹೊದಿಕೆಯ ಮೇಲೆ Ultra High Speed ಎಂದು ಬರೆದಿರಬೇಕು. ಪೆಟ್ಟಿಗೆಯ ಮೇಲಿನ ಕ್ಯೂಆರ್ ಚೀಟಿಯನ್ನು ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ಪ್ರಮಾಣಪತ್ರ ನಿಜವೇ ಎಂದು ತಿಳಿಯಬಹುದು. ಸಾದಾ ತಾಮ್ರದ ಕೇಬಲ್‌ನಲ್ಲಿ ಸುಮಾರು 5 ಮೀಟರ್ ದಾಟಿದರೆ ಈ ವೇಗ ಕಷ್ಟ. ಅದಕ್ಕೂ ದೂರವಾದರೆ ಆಪ್ಟಿಕಲ್ ಕೇಬಲ್ ಬೇಕಾಗುತ್ತದೆ. ಅದಕ್ಕೆ ದಿಕ್ಕಿದೆ: ಒಂದು ತುದಿ ರಿಸೀವರ್ ಕಡೆಗೆ, ಇನ್ನೊಂದು ಟಿ.ವಿ. ಕಡೆಗೆ, ತಿರುಗಿಸಿ ಹಾಕಿದರೆ ಚಿತ್ರವೇ ಇಲ್ಲ.

ಕೇಬಲ್ ಬದಲಿಸಲಾಗದವರು ಕನ್ಸೋಲ್‌ನ 4K Video Transfer Rate ಎಂಬ ಆಯ್ಕೆಯಲ್ಲಿ -1 ಅಥವಾ -2 ಕೊಟ್ಟು ಹೊರೆ ಇಳಿಸಿ ನೋಡಬಹುದು. ಮಿನುಗು ನಿಂತರೆ ತಪ್ಪು ತಂತಿಯದೇ ಎಂಬುದು ಖಚಿತವಾಗುತ್ತದೆ. ಪರದೆ ಪೂರ್ತಿ ಕಪ್ಪಾಗಿ ಮೆನುವೇ ಕಾಣದಿದ್ದರೆ, ಕನ್ಸೋಲನ್ನು ಆರಿಸಿ, ಪವರ್ ಗುಂಡಿಯನ್ನು ಎರಡನೇ ಬೀಪ್ ಕೇಳುವವರೆಗೆ ಒತ್ತಿಹಿಡಿದರೆ ಸೇಫ್ ಮೋಡ್ ತೆರೆದುಕೊಳ್ಳುತ್ತದೆ. ಕಂಟ್ರೋಲರ್ ಯುಎಸ್‌ಬಿ ತಂತಿಯಲ್ಲಿರಬೇಕು. ಅಲ್ಲಿಂದ Change Video Output ಮೂಲಕ ರೆಸಲ್ಯೂಷನ್ ಇಳಿಸಿ ಹಿಂದಿರುಗಬಹುದು.

ಎಲ್ಲ ಮಾಡಿಯೂ ರಿಸೀವರ್ ದಾಟಿಸಲೊಲ್ಲದು ಎಂದಾದರೆ, ಅಥವಾ ಅದು 18 ಗಿಗಾಬಿಟ್ ಕಾಲದ್ದೇ ಆಗಿದ್ದರೆ, ಬೇರೆ ದಾರಿ ಇದೆ. ಕನ್ಸೋಲನ್ನು ಟಿ.ವಿ.ಯ 4ನೇ ಪೋರ್ಟ್‌ಗೆ ನೇರ ಜೋಡಿಸಿ, ಧ್ವನಿಯನ್ನು 3ನೆಯದರಿಂದ ಇಎಆರ್‌ಸಿ ಮೂಲಕ ರಿಸೀವರ್‌ಗೆ ಹಿಂದಕ್ಕೆ ಕಳಿಸುವುದು. ಚಿತ್ರಕ್ಕೆ ರಿಸೀವರ್‌ನ ಹಂಗೇ ಇರುವುದಿಲ್ಲ. ಕನ್ಸೋಲ್ ಕಳಿಸುವ 7.1 ಚಾನೆಲ್‌ಗಳ ಸಂಕುಚಿಸದ ಧ್ವನಿಯನ್ನು ಹೊರಲು ಇಎಆರ್‌ಸಿಗೆ ಶಕ್ತಿಯಿದೆ. ಇದಕ್ಕೆ ಟಿ.ವಿ., ರಿಸೀವರ್ ಎರಡರಲ್ಲೂ ಇಎಆರ್‌ಸಿ ಇರಬೇಕು. ಹಳೆಯ ಎಆರ್‌ಸಿ ಮಾತ್ರ ಇದ್ದರೆ ಆ ಸಂಕುಚಿಸದ ಧ್ವನಿ ಎರಡು ಚಾನೆಲ್‌ಗೆ ಇಳಿಯುತ್ತದೆ. ಸುತ್ತಲಿನ ಸ್ಪೀಕರ್‌ಗಳು ನುಡಿಯಬೇಕಾದರೆ ಕನ್ಸೋಲ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ಡಾಲ್ಬಿ ಬಿಟ್‌ಸ್ಟ್ರೀಮ್ ಆರಿಸಬೇಕು. ತೊಡಕೆಂದರೆ 4ಕೆ 120ಕ್ಕೆ ಒಗ್ಗುವ ಪೋರ್ಟ್ ಎರಡೇ ಇರುವ ಟಿ.ವಿ.ಯಲ್ಲಿ ಒಂದು ರಿಸೀವರ್ ಪಾಲಾದ ಮೇಲೆ ಉಳಿಯುವುದು ಒಂದೇ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎರಡೂ ಇರುವ ಮನೆಗೆ ಹೊಸ ರಿಸೀವರ್ ನಿಜಕ್ಕೂ ಬೇಕಾಗುವುದು ಅಲ್ಲಿ. ಒಂದೇ ಕನ್ಸೋಲ್ ಇದ್ದು ಟಿ.ವಿ. ಮತ್ತು ರಿಸೀವರ್ ಎರಡರಲ್ಲೂ ಇಎಆರ್‌ಸಿ ಇದ್ದರೆ, ಕೇವಲ ವಿಆರ್‌ಆರ್‌ಗಾಗಿ ಚೆನ್ನಾಗಿ ನುಡಿಯುತ್ತಿರುವ ಹಳೆಯ ರಿಸೀವರನ್ನು ಬದಲಿಸಬೇಕಾಗಿಲ್ಲ.